ಹಸಿರು ಹೊಳೆದ ಗಾಜೆಲ್ಲ ಯುರೇನಿಯಂ ಅಲ್ಲ

ಮಂಗಳೂರು, ಉಡುಪಿ ಕಡೆ ಹಳೆ ಮನೆ ಸಾಮಾನಲ್ಲಿ ಬಣ್ಣಕ್ಕೆಂದು ಯುರೇನಿಯಂ ಬೆರೆಸಿದ ಗಾಜಿನ ಬಟ್ಟಲು, ಹೂದಾನಿ ಹುಡುಕುವವರು 365 ಅಲ್ಲ, 395 ನ್ಯಾನೋಮೀಟರಿನ ಯುವಿ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿ. ಯುರೇನಿಯಂ ಗಾಜು ಎರಡರಲ್ಲೂ ಜೋರಾಗಿ ಹಸಿರು ಹೊಳೆಯುತ್ತದೆ. ಮ್ಯಾಂಗನೀಸ್ ಗಾಜು 365ರಲ್ಲಿ ಮಂಕು ಹಸಿರು ತೋರಿಸಿ ಮೋಸ ಮಾಡುತ್ತದೆ, 395ರಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಕಬ್ಬಿಣದಿಂದ ಬರುವ ಹಸಿರು ಛಾಯೆ ಕಳೆಯಲು ಹಿಂದೆ ಬಣ್ಣವಿಲ್ಲದ ಗಾಜಿಗೆ ಮ್ಯಾಂಗನೀಸ್ ಹಾಕುತ್ತಿದ್ದರು, ಹಾಗಾಗಿ ಅಂಥದ್ದು ಬೇಕಾದಷ್ಟು ಸಿಗುತ್ತದೆ, ಬೆಲೆಯೂ ಕಡಿಮೆ. ಯುರೇನಿಯಂ ತೀರಾ ಸ್ವಲ್ಪ ಇದ್ದರೆ ಈ ಉಪಾಯ ಕೈಕೊಡಬಹುದು, ಆಗ ವಿಕಿರಣ ಅಳೆಯುವ ಗೈಗರ್ ಕೌಂಟರ್ ಬೇಕು. ಹಳದಿ, ಕಿತ್ತಳೆ ಹೊಳಪಾದರೆ ಕ್ಯಾಡ್ಮಿಯಂ ಇರಬಹುದು. ಯುರೇನಿಯಂ ಅಂತ ಗೊತ್ತಾದರೂ ಸುಮ್ನೆ ಜಾಸ್ತಿ ಕೊಡಬೇಡಿ, ಅಂಚನ್ನು ಮೆಲ್ಲಗೆ ಸವರಿ ನೋಡಿ; ಚಕ್ಕೆ ಎದ್ದಿದ್ದರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.