ದುಡ್ಡಿನ ಕೋಡ್ ಅಲ್ಲ, ನಮ್ಮ ಅಂಗಡಿಯ ವಿಳಾಸ

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಹಾಕಿದ್ದ ನಮ್ಮ ಪುಟ್ಟ ಮಳಿಗೆಯ ಎದುರು ಒಂದು ದೊಡ್ಡ ಕ್ಯೂಆರ್ ಕೋಡ್ ಅಂಟಿಸಿದ್ದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಮಾರಲು ಶುರುಮಾಡಿದ್ದ ಹೊಸ ವೆಬ್‌ಸೈಟಿನದು. ಸೋಂದಾ ಕಡೆಯ ಹಿರಿಯರೊಬ್ಬರು ಮಿಡಿಯ ರುಚಿ ನೋಡಿ, ಮೊಬೈಲ್ ತೆಗೆದು ಕೋಡಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು. "ತಮಾ, ಇದು ತಗತ್ತಿಲ್ಲೆ. ತಪ್ಪು ಕೋಡು ಹೇಳ್ತು" ಎಂದರು. ನೋಡಿದರೆ ಅವರು ತೆರೆದಿದ್ದು ಹಣ ಕಳಿಸುವ ಆ್ಯಪ್.

ಅವರ ತಪ್ಪೇನಿಲ್ಲ. ತರಕಾರಿ ಗಾಡಿಯಿಂದ ಬಟ್ಟೆ ಅಂಗಡಿಯವರೆಗೆ ನಮ್ಮ ಜನ ನೋಡಿದ ಚೌಕವೆಲ್ಲ ದುಡ್ಡಿನದೇ. ದುಡ್ಡಿನ ಕೋಡ್ ಒಳಗೆ `upi://pay` ಎಂದು ಶುರುವಾಗುವ ಸಾಲಿರುತ್ತದೆ, ನನ್ನದರಲ್ಲಿ ಇದ್ದದ್ದು `https://`. ಹಣದ ಆ್ಯಪ್ ಅದನ್ನು ಬೇಡವೆನ್ನುವುದು ಸಹಜ. ಆ ಸಂಜೆಯೇ ರಟ್ಟಿನ ಮೇಲೆ ಮಾರ್ಕರಿನಲ್ಲಿ "ದುಡ್ಡು ಹಾಕಲು ಅಲ್ಲ. ಫೋನಿನ ಕ್ಯಾಮೆರಾ ತೆರೆದು ಹಿಡಿಯಿರಿ, ನಮ್ಮ ಅಂಗಡಿ ಕಾಣುತ್ತದೆ" ಎಂದು ಬರೆದು ಕೋಡಿನ ತಲೆಮೇಲೆ ಕಟ್ಟಿದೆ. ಹಣ ಪಡೆಯುವ ಕೋಡನ್ನು ಕೌಂಟರಿನ ಇನ್ನೊಂದು ತುದಿಗೆ ಇಟ್ಟೆ. ಮಾರನೇ ದಿನದಿಂದ ಆ ಗೊಂದಲ ಬಹುಮಟ್ಟಿಗೆ ನಿಂತಿತು.

ಸೈಟಿನ ಸುದ್ದಿ ಮೊದಲು ಹೋಗಿದ್ದು ವಾಟ್ಸಾಪ್ ಗುಂಪುಗಳಿಗೆ, ಜಾತ್ರೆಗಿಂತ ಎರಡು ತಿಂಗಳು ಮೊದಲು. ಅದನ್ನೂ ಕೆಡಿಸಿಕೊಂಡಿದ್ದೆ. ಬೆಳಿಗ್ಗೆ ಏಳಕ್ಕೆ ಕುಟುಂಬದ ಗುಂಪಿಗೆ ಬರೀ ಲಿಂಕ್ ಹಾಕಿದೆ. ಅದರ ಕೆಳಗೆ ಚಿತ್ರವಿಲ್ಲ, 'ಹೋಮ್' ಎಂಬ ಒಂದೇ ಪದ. ಶುಭೋದಯದ ಹೂವುಗಳ ನಡುವೆ ಅದು ಕಳೆದುಹೋಯಿತು. ಭಾವ ಮಾತ್ರ ಫೋನ್ ಮಾಡಿ, "ನಿನ್ನ ನಂಬರ್ ಯಾರಾದ್ರೂ ಹ್ಯಾಕ್ ಮಾಡಿದ್ವಾ?" ಎಂದು ಕೇಳಿದರು.

ಲಿಂಕ್ ಜೊತೆ ಕಾಣುವ ಹೆಸರು, ಚಿತ್ರಗಳನ್ನು ವಾಟ್ಸಾಪ್ ಎತ್ತಿಕೊಳ್ಳುವುದು ಪುಟದ ತಲೆಭಾಗದ `og:title`, `og:description`, `og:image` ಎಂಬ ಸಾಲುಗಳಿಂದ. ನಾನು ಅವನ್ನು ಬರೆದೇ ಇರಲಿಲ್ಲ. ಆಮೇಲೆ ಹಾಕಿದೆ. ಚಿತ್ರಕ್ಕೆ `https://` ಸಮೇತ ಪೂರ್ತಿ ವಿಳಾಸ ಕೊಟ್ಟು, ಫೈಲನ್ನು 300 ಕೆಬಿಗಿಂತ ಕಡಿಮೆಗೆ ಇಳಿಸಿದೆ. ಆದರೂ ನನ್ನ ಫೋನಿನಲ್ಲಿ ಹಳೆಯ 'ಹೋಮ್' ಬಿಟ್ಟು ಹೋಗಲಿಲ್ಲ, ಮೊದಲು ನೋಡಿದ್ದನ್ನೇ ಅದು ನೆನಪಿಟ್ಟುಕೊಂಡಿತ್ತು. ವಿಳಾಸದ ಕೊನೆಗೆ `?v=2` ಸೇರಿಸಿ ಕಳಿಸಿದಾಗ ಹೊಸ ಲಿಂಕೆಂದು ತಿಳಿದು ಮಿಡಿ ಭರಣಿಯ ಚಿತ್ರ ತೋರಿಸಿತು. ಮೊದಲು ನನಗೆ ನಾನೇ ಕಳಿಸಿ ನೋಡಿಕೊಂಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಎರಡನೇ ಸಲ ಹೊತ್ತನ್ನೂ ಬದಲಿಸಿದೆ. ನಮ್ಮ ಬೆಳೆಗಾರರ ಗುಂಪಿನಲ್ಲಿ ಎಲ್ಲರೂ ಕಣ್ಣಿಟ್ಟು ಓದುವುದು ಅಡಿಕೆ ಧಾರಣೆಯನ್ನು. ಅಡ್ಮಿನ್ ಹತ್ತಿರ ಮೊದಲೇ ಕೇಳಿ, ಆ ದಿನದ ಧಾರಣೆ ಬಂದು ಸ್ವಲ್ಪ ಹೊತ್ತಾದ ಮೇಲೆ ಮೂರು ಸಾಲು ಬರೆದೆ: ಯಾರು ಮಾಡಿದ್ದು, ಏನು ಸಿಗುತ್ತದೆ, ಬೆಂಗಳೂರಿನಲ್ಲಿರುವ ಮಕ್ಕಳಿಗೆ ಕೊರಿಯರ್ ಆಗುತ್ತದೆ. ಆ ಕೊನೆಯ ಸಾಲೇ ಕೆಲಸ ಮಾಡಿದ್ದು. ಸಂದೇಶವನ್ನು ಊರಿನವರು ಓದಿದರು, ಆರ್ಡರ್ ಬಂದಿದ್ದು ಮಕ್ಕಳಿಂದ.

ವಿಸಿಟಿಂಗ್ ಕಾರ್ಡಿನ ಕಥೆ ಸ್ವಲ್ಪ ಉದ್ದ. ಕೋಡ್ ಒಳಗೆ ನಾನು ತುಂಬಿಸಿದ್ದು ತೊಂಬತ್ತರಷ್ಟು ಅಕ್ಷರಗಳ ವಿಳಾಸ. ಯಾವ ಪುಟ, ಎಲ್ಲಿಂದ ಬಂದರು ಎಂಬ ಬಾಲವೆಲ್ಲ ಅದರಲ್ಲೇ ಇತ್ತು. ಅಕ್ಷರ ಹೆಚ್ಚಿದಷ್ಟೂ ಚೌಕದೊಳಗಿನ ಕಾಳುಗಳು ಹೆಚ್ಚುತ್ತವೆ. ನನ್ನದು ಅಡ್ಡಕ್ಕೆ 41, ಉದ್ದಕ್ಕೆ 41 ಕಾಳಿನ ಚೌಕವಾಗಿತ್ತು. ಅದನ್ನು ಕಾರ್ಡಿನ ಮೂಲೆಯಲ್ಲಿ ಒಂದೂವರೆ ಸೆಂಟಿಮೀಟರಿಗೆ ಹಿಡಿಸಿದರೆ ಒಂದೊಂದು ಕಾಳಿಗೆ ಮಿಲಿಮೀಟರಿನ ಮೂರನೇ ಒಂದರಷ್ಟೇ ಜಾಗ. ಸಾಲದ್ದಕ್ಕೆ ಕೋಡನ್ನು ನಾನು ಪ್ರೆಸ್ಸಿಗೆ ವಾಟ್ಸಾಪ್ ಫೋಟೋ ಮಾಡಿ ಕಳಿಸಿದ್ದೆ, ಅಂಚುಗಳೆಲ್ಲ ಮಸುಕಾಗಿದ್ದವು. ಅಲ್ಲಿನ ಹುಡುಗ ಸುತ್ತಲ ಬಿಳಿ ಜಾಗ ದಂಡವೆಂದು ಕತ್ತರಿಸಿದ್ದ. ನಾಲ್ಕು ಕಾಳಿನಷ್ಟು ಅಗಲದ ಆ ಬಿಳಿ ಅಂಚು ಇದ್ದರೇ ಕ್ಯಾಮೆರಾಕ್ಕೆ ಚೌಕ ಎಲ್ಲಿ ಮುಗಿಯಿತೆಂದು ತಿಳಿಯುವುದು. ಹೊಳೆಯುವ ಲ್ಯಾಮಿನೇಶನ್ ಬೇರೆ. ನನ್ನ ಹೊಸ ಫೋನ್ ಹೇಗೋ ಓದಿತು. ಆಯಿಯ ಹಳೆಯ ಫೋನ್ ಟ್ಯೂಬ್‌ಲೈಟ್ ಕೆಳಗೆ ಓದಲೇ ಇಲ್ಲ. ಐನೂರು ಕಾರ್ಡ್ ಅಟ್ಟ ಸೇರಿದವು.

ಎರಡನೇ ಸಲ ಕೋಡಿನೊಳಗೆ ಹಾಕಿದ್ದು ನಮ್ಮ ಡೊಮೇನ್ ಹೆಸರು, ಅದರ ಮುಂದೆ `/c` ಮಾತ್ರ. ಒಟ್ಟು 24 ಅಕ್ಷರ. ಚೌಕ 25 ಕಾಳಿಗೆ ಇಳಿಯಿತು. ಎರಡು ಸೆಂಟಿಮೀಟರ್ ಅಳತೆ, ಬಿಳಿಯ ಮೇಲೆ ಕಪ್ಪು, ಮ್ಯಾಟ್ ಕಾಗದ, ಪ್ರೆಸ್ಸಿಗೆ ಪಿಡಿಎಫ್. ಮೊದಲು ಒಂದೇ ಹಾಳೆ ಅಚ್ಚು ಹಾಕಿಸಿ ಆಯಿಯ ಫೋನಿನಲ್ಲಿ ಓದಿಸಿದ ಮೇಲೆಯೇ ಉಳಿದದ್ದಕ್ಕೆ ಹೂಂ ಎಂದೆ. ಕೆಳಗೆ ವಿಳಾಸವನ್ನೂ ಫೋನ್ ನಂಬರನ್ನೂ ಅಕ್ಷರದಲ್ಲಿ ಹಾಕಿಸಿದೆ. ನಮ್ಮ ಘಟ್ಟದ ಎಷ್ಟೋ ಕೇರಿಗಳಲ್ಲಿ ಕೋಡ್ ಓದಿದರೂ ಪುಟ ತೆರೆಯಲು ನೆಟ್‌ವರ್ಕ್ ಇರುವುದಿಲ್ಲ.

ಪುಕ್ಕಟೆ ಕೋಡ್ ಮಾಡಿಕೊಡುವ ಕೆಲವು ಸೈಟುಗಳು ಚೌಕದೊಳಗೆ ನಮ್ಮ ವಿಳಾಸದ ಬದಲು ತಮ್ಮದೇ ಕೊಂಡಿ ಇಡುತ್ತವೆ. ಅವರು ಗಡುವು ಮುಗಿಸಿದರೆ ಅಚ್ಚಾದ ಕಾರ್ಡೆಲ್ಲ ಸತ್ತ ಹಾಗೆ. ಹಾಗಾಗಿ ದಾರಿ ತಿರುಗಿಸುವ ಕೆಲಸ ನನ್ನ ಸರ್ವರಿನಲ್ಲೇ ಇರಲಿ ಎಂದು `.htaccess` ಫೈಲಿನಲ್ಲಿ ಮೂರು ಸಾಲು ಬರೆದೆ. ಗುಂಪಿಗೆ `/g`, ಕಾರ್ಡಿಗೆ `/c`, ಭರಣಿಯ ಮುಚ್ಚಳಕ್ಕೆ `/m`:

```
Redirect 302 /g /
Redirect 302 /c /
Redirect 302 /m /appemidi
```

ಭರಣಿಯ ಹೊಟ್ಟೆಯ ಮೇಲೆ ಕೋಡ್ ಹಾಕಿದರೆ ಅದು ಬಾಗುತ್ತದೆ, ಎಣ್ಣೆಯೂ ಹಿಡಿಯುತ್ತದೆ. ಮುಚ್ಚಳ ಚಪ್ಪಟೆ. ಅದಕ್ಕೇ ಅಲ್ಲಿ ಸ್ಟಿಕ್ಕರ್.

ಎಷ್ಟು ಜನ ಬಂದರೆಂದು ಮೊದಲು ಸರ್ವರಿನ ಲಾಗ್ ಫೈಲಿನ ಒಟ್ಟು ಸಾಲು ಎಣಿಸಿ ಹಿಗ್ಗಿದ್ದೆ. ಬಿಚ್ಚಿ ನೋಡಿದರೆ ಒಬ್ಬರು ಬಂದರೂ ಚಿತ್ರಕ್ಕೊಂದು ಸಾಲು, ಮೇಲೆ ನನ್ನಲ್ಲಿ ಇಲ್ಲದ `wp-login.php` ಹುಡುಕುವ ಬಾಟ್‌ಗಳ ಸಾಲು. ಈಗ ಎಣಿಸುವುದು ಈ ಗಿಡ್ಡ ವಿಳಾಸಗಳನ್ನು ಮಾತ್ರ. ಗುಂಪಿನ ಲೆಕ್ಕದಿಂದ, ಚಿತ್ರ ತರಲು ಬರುವ ವಾಟ್ಸಾಪಿನ ಭೇಟಿಯನ್ನೂ ಕಳೆಯಬೇಕು:

```
grep "GET /g " access.log | grep -vc WhatsApp
```

ಗುಂಪಿನದು ಒಂದು ಸಂಜೆಯ ಮಳೆ, ಮೂರನೇ ದಿನಕ್ಕೆ ಒಣ. ಕಾರ್ಡು ವಾರಕ್ಕೆ ಎರಡೋ ಮೂರೋ. ಜಾತ್ರೆಯಲ್ಲಿ ಕೊಟ್ಟ ಕಾರ್ಡುಗಳಿಗೆ ಹೆಚ್ಚಾಗಿ ಭೇಟಿ ಬಂದಿದ್ದು ರಾತ್ರಿ ಒಂಬತ್ತರ ನಂತರ. ಪೇಟೆಯ ಆ ಜನಜಂಗುಳಿಯಲ್ಲಿ ನೆಟ್ಟಗೆ ನೆಟ್‌ವರ್ಕ್ ಸಿಗದೆ ಮನೆಗೆ ಹೋಗಿ ನೋಡಿದರೆಂದು ನನ್ನ ಊಹೆ. ಮುಚ್ಚಳದ ಕೋಡಿಗೆ ಬರುವವರು ಕಡಿಮೆ, ಆದರೆ ಅವರು ಭರಣಿ ಖಾಲಿಯಾದ ಮೇಲೆ ಬರುವವರು. ಎರಡನೇ ಆರ್ಡರ್ ಕೊಟ್ಟವರಲ್ಲಿ ಬಹುಪಾಲು ಅವರೇ.

ಮಿಡಿ ಸಿಗುವುದು ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ದಾಸ್ತಾನು ಮುಗಿದಾಗ `/m` ಸಾಲಿನ ಗುರಿಯನ್ನು ಹಪ್ಪಳದ ಪುಟಕ್ಕೆ ಬದಲಿಸಿದೆ. ಕೆಲವರ ಫೋನಿನಲ್ಲಿ ಆಗಲೂ ಉಪ್ಪಿನಕಾಯಿಯೇ ಬರುತ್ತಿತ್ತು. ಕಾರಣ, ಮೊದಲ ವಾರ ನಾನು 'ಸದ್ಯಕ್ಕೆ ಮಾತ್ರ' ಎನ್ನುವ 302 ಬದಲು 301 ಎಂದು ಬರೆದಿದ್ದೆ. ಅದು 'ಶಾಶ್ವತವಾಗಿ ಬದಲಾಗಿದೆ' ಎಂಬ ಸೂಚನೆ, ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮತ್ತೆ ನನ್ನ ಸರ್ವರನ್ನು ಕೇಳಲು ಬರುವುದೇ ಇಲ್ಲ. ಅಂಥವರ ಭೇಟಿ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಅವರ ಫೋನಿನ ನೆನಪು ನನ್ನ ಕೈಯಲ್ಲಿಲ್ಲ. ಹಾಗಾಗಿ ಉಪ್ಪಿನಕಾಯಿ ಪುಟದ ಮೇಲ್ತುದಿಗೇ "ಈ ವರ್ಷದ ಮಿಡಿ ಮುಗಿಯಿತು, ಹಪ್ಪಳ ಇದೆ" ಎಂದು ಬರೆದು ಒಂದು ಕೊಂಡಿ ಇಟ್ಟೆ.