ಮನೆ ಕಟ್ಟೋಕೆ ಎಷ್ಟು ನೀರು? ಮೂಟೆ, ಇಟ್ಟಿಗೆ, ನಿಮಿಷ ಎಣಿಸಿ

ನೀರಿನ ಲೆಕ್ಕವನ್ನು ಚದರಡಿಗೆ ಇಷ್ಟು ಅಂತ ಹಾಕಬೇಡಿ, ಮೂರು ಭಾಗ ಮಾಡಿ. ಕಲಸಲು 50 ಕೆಜಿ ಸಿಮೆಂಟ್ ಮೂಟೆಗೆ ಸುಮಾರು 30 ಲೀಟರ್, ಸುಟ್ಟ ಇಟ್ಟಿಗೆ ನೆನೆಸಲು ಒಂದಕ್ಕೆ ಅರ್ಧ ಲೀಟರ್. ಕಟ್ಟಿದ್ದನ್ನು ದಿನಾ ಒದ್ದೆಯಾಗಿಡುವ ಕ್ಯೂರಿಂಗ್‌ಗೆ ಮಾತ್ರ ಪೈಪಿನ ನಿಮಿಷ ಎಣಿಸಿ. 15 ಲೀಟರ್ ಬಕೆಟ್ ಮುಕ್ಕಾಲು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 20 ಲೀಟರ್. ದಿನಕ್ಕೆ ಎರಡು ಸಲ 20 ನಿಮಿಷ ಗೋಡೆಗೆ ಹೊಡೆದರೆ 800 ಲೀಟರ್ ಆಯ್ತು. ಕಲಸೋ ನೀರು ಮೂಟೆ ಮುಗಿದರೆ ಮುಗೀತು, ಕ್ಯೂರಿಂಗ್ ನೀರು ದಿನಾ ಬೇಕು, ಅದಕ್ಕೇ ಬೇರೆ ಲೆಕ್ಕ. 1000 ಚದರಡಿಯ ಒಂದು ಅಂತಸ್ತಿಗೆ 400 ಮೂಟೆ, 18,000 ಇಟ್ಟಿಗೆ ಅಂದುಕೊಳ್ಳಿ. ಕಲಸಲು 12,000, ನೆನೆಸಲು 9,000 ಲೀಟರ್. ಗೋಡೆ, ಗಿಲಾವು ಎಲ್ಲ ಸೇರಿ 40 ದಿನ ಪೈಪು ಹಿಡಿದರೆ ಅದೇ 32,000! ಚಾವಣಿಯ ಮೋಲ್ಡ್ ಮೇಲೆ ಪಾತಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಲು ಮೊದಲ ದಿನವೇ ಸುಮಾರು 4,700 ಲೀಟರ್ ಬೇಕು. ಹಿಂದಿನ ದಿನವೇ ಸಂಪು ತುಂಬಿಸಿಟ್ಟುಕೊಳ್ಳಿ. ಆಮೇಲೆ ಆರಿದಷ್ಟು ಹಾಕಿದರೆ ಸಾಕು. ಒಂದೇ ದಿನದಲ್ಲಿ ಒಂದಿಂಚು ಇಳಿದರೆ ಅದು ಬಿಸಿಲಲ್ಲ, ಪಾತಿ ಎಲ್ಲೋ ಸೋರುತ್ತಿದೆ. ಸಿಮೆಂಟ್ ಬ್ಲಾಕ್ ಗೋಡೆಗೆ ಇಟ್ಟಿಗೆ ನೆನೆಸುವ ಲೆಕ್ಕ ಹೊಂದಲ್ಲ, ಅವನ್ನು ನೆನೆಸಬಾರದು, ಮೈ ಒದ್ದೆ ಮಾಡಿದರೆ ಸಾಕು. ಮರಳು ಹಸಿಯಿದ್ದರೆ ಕಲಸುವ ನೀರನ್ನೂ ಕಡಿಮೆ ಮಾಡಿ. ಮೇಸ್ತ್ರಿ ಸುಮ್ನೆ ಜಾಸ್ತಿ ಸುರಿಯಲು ಬಿಡಬೇಡಿ, ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತದೆ.