ಕಾರ್ಡ್ ಬಾಕಿ ಇದ್ದರೆ ಕೊನೇ ದಿನಾಂಕಕ್ಕೆ ಕಾಯಬೇಡಿ

ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರು ಗೊಬ್ಬರಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿ, ಕಾಫಿ ದುಡ್ಡು ಬಂದಾಗ ಕಟ್ಟುವುದು ಜಾಸ್ತಿ. ಹಳೇ ಬಾಕಿ ಇದ್ದರೆ, ಬಡ್ಡಿ ಬೀಳುವುದು ತಿಂಗಳ ಕೊನೆಯ ಬಾಕಿಗಲ್ಲ. ಪ್ರತಿದಿನದ ಬಾಕಿಯನ್ನು ಕೂಡಿಸಿ, ದಿನಗಳಿಂದ ಭಾಗಿಸಿದರೆ ಬರುವ ಸರಾಸರಿಗೆ.

1ನೇ ತಾರೀಕು ಬಿಲ್ಲಿಂಗ್ ಶುರು, 30 ದಿನ, ಹಳೇ ಬಾಕಿ ₹20,000, ಬಡ್ಡಿ ತಿಂಗಳಿಗೆ ಶೇ 3.5 ಅಂದುಕೊಳ್ಳಿ. 11ಕ್ಕೆ ₹10,000 ಕಟ್ಟಿದರೆ 10 ದಿನ ₹20,000, ಉಳಿದ 20 ದಿನ ₹10,000 ಬಾಕಿ. ಸರಾಸರಿ ₹13,333, ಬಡ್ಡಿ ಸುಮಾರು ₹467. ಅದೇ ದುಡ್ಡನ್ನು ಕೊನೇ ದಿನಾಂಕ ಅಂತ 26ಕ್ಕೆ ಕಟ್ಟಿದರೆ ಸರಾಸರಿ ₹18,333, ಬಡ್ಡಿ ₹642. ದುಡ್ಡು ಕೈಲಿದ್ದೂ ಸುಮ್ನೆ ₹175 ಜಾಸ್ತಿ ಕೊಟ್ಟಂತಾಯಿತು, ಅಲ್ವಾ? ಇದರ ಮೇಲೆ ಶೇ 18 ಜಿಎಸ್‌ಟಿ ಬೇರೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಹಳೇ ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. 16ಕ್ಕೆ ಹಾಸನದಲ್ಲಿ ₹6,000ದ ಪಂಪ್ ಕೊಂಡರೆ, 15 ದಿನಕ್ಕೆ ಸರಾಸರಿ ₹3,000 ಏರುತ್ತದೆ, ಬಡ್ಡಿ ₹105 ಸೇರುತ್ತದೆ. ಅಂಥ ತಿಂಗಳು ಖರೀದಿಗೆ ಡೆಬಿಟ್ ಕಾರ್ಡ್ ಅಥವಾ ಯುಪಿಐ ಬಳಸಿ.